ಹದಿಮೂರು ಪಾಯಿಂಟ್ ಎಂಟು

ಲೋಹಿತ್ ಮಾತ್ರೆ ಬಿಡುತ್ತಿದ್ದಾನೆ ಎಂದು ಮೊದಲು ಅನುಮಾನಿಸಿದವರು ಡಾಕ್ಟರ್ ಚಂದ್ರಶೇಖರಯ್ಯ. ಆಮೇಲೆ ಅವನ ತಾಯಿ ತಿಮ್ಮಕ್ಕ. ಚಾಮರಾಜಪೇಟೆಯ ಆ ಕಿಡ್ನಿ ಆಸ್ಪತ್ರೆಯಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡ ರೋಗಿಗಳ ಉಸ್ತುವಾರಿ ನೋಡುವ ಯಮುನಾಳೂ ಅದನ್ನೇ ನಂಬಿಬಿಟ್ಟಿದ್ದಳು.

ಹೊಲಿಗೆ ಯಂತ್ರ ರಿಪೇರಿ ಮಾಡುವ ಲೋಹಿತ್‌ಗೆ ತಿಮ್ಮಕ್ಕ ತನ್ನ ಒಂದು ಕಿಡ್ನಿ ಕೊಟ್ಟು ಹದಿನೆಂಟು ತಿಂಗಳಾಗಿತ್ತು. ದೇಹ ಅದನ್ನು ಪರಕೀಯವೆಂದು ತಿರಸ್ಕರಿಸದಂತೆ ತಡೆಯಲು ಅವನು ಟ್ಯಾಕ್ರೊಲಿಮಸ್ ಮಾತ್ರೆಯನ್ನು ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ನುಂಗಬೇಕು. ರಕ್ತದಲ್ಲಿ ಅದರ ಮಟ್ಟ ಐದರಿಂದ ಎಂಟರೊಳಗೆ ಇರಬೇಕು. ಜೂನ್‌ನಲ್ಲಿ ಅದು ಮೂರೂವರೆ ಚಿಲ್ಲರೆಗೆ ಬಂದಿತ್ತು, ಜುಲೈನಲ್ಲೂ ಮೇಲೇಳಲಿಲ್ಲ. ಕಿಡ್ನಿ ಸೋಲುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಮಾತ್ರ ಏರುತ್ತಿತ್ತು.

ತಿಮ್ಮಕ್ಕ ಮಗನಿಗೆ ಗೊತ್ತಿಲ್ಲದಂತೆ ಖಾಲಿ ಮಾತ್ರೆ ಪಟ್ಟಿಗಳನ್ನು ಕವರಿನಲ್ಲಿ ತುಂಬಿಕೊಂಡು ಯಮುನಾಳ ಬಳಿ ಬಂದಳು. "ನೋಡವ್ವ, ಎಲ್ಲ ಖಾಲಿನೇ ಐತೆ. ಬಾಯ್ ತೆರೆಸಿ ನೋಡಿದ್ರೂ, ನುಂಗ್ತಾನೋ ಆಮೇಲ್ ಮೋರಿಗ್ ಉಗೀತಾನೋ ಯಾರಿಗ್ಗೊತ್ತು. ನನ್ ಹೊಟ್ಟೆ ಕುಯ್ಸಿಕೊಂಡು ಕೊಟ್ಟಿದ್ದು."

ಲೋಹಿತ್‌ನನ್ನು ಕೇಳಿದರೆ ಒಂದೇ ಉತ್ತರ: "ಅಲಾರಂ ಇಟ್ಕೊಂಡೇ ತಗೋತೀನಿ ಮೇಡಂ. ಒಂದು ದಿನಾನೂ ಬಿಟ್ಟಿಲ್ಲ."

"ಎಲ್ಲರೂ ಹೀಗೇ ಹೇಳ್ತಾರೆ," ಎಂದರು ಡಾಕ್ಟರ್ ಆತ ಹೋದ ಮೇಲೆ. "ಮೇನಲ್ಲಿ ಹದಿಮೂರು ಪಾಯಿಂಟ್ ಎಂಟಿತ್ತು. ಡೋಸ್ ಎರಡೂವರೆಯಿಂದ ಒಂದೂವರೆಗೆ ಇಳಿಸಿದೆ. ಅದಕ್ಕೆ ಮಟ್ಟ ಎಂಟರ ಆಸುಪಾಸು ಬರ್ಬೇಕಿತ್ತು. ಮೂರಕ್ಕೆ ಹೆಂಗಿಳೀತು? ನಾಳೆ ಬಯಾಪ್ಸಿ. ಅಷ್ಟರಲ್ಲಿ ಇವನ ಹಳೇ ನೋಟ್ಸೆಲ್ಲ ಒಂದು ಕೋಷ್ಟಕ ಮಾಡ್ಕೊಡಮ್ಮ."

ಯಮುನಾ ಫೈಲ್ ಹರವಿಕೊಂಡಳು. ಮೂರು ಜನರ ಕೈಬರಹ, ಒಂದೊಂದು ಪುಟದಲ್ಲಿ ಒಂದೊಂದು ರೀತಿ. ದಿನಾಂಕ, ಔಷಧದ ಮಟ್ಟ, ಅಂದಿನ ಡೋಸ್, ಆಮೇಲಿನ ಬದಲಾವಣೆ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್, ತಿರಸ್ಕಾರದ ಪರೀಕ್ಷೆ: ಹೀಗೆ ಗೆರೆ ಎಳೆದು ಒಂದೊಂದೇ ತುಂಬಿದಳು. ಮಾರ್ಚ್: 6.9, ಎರಡೂವರೆ ಮಿಲಿಗ್ರಾಂ ದಿನಕ್ಕೆರಡು ಸಲ, ಕ್ರಿಯಾಟಿನಿನ್ 1.2. ಮೇ: 13.8, ಅದೇ ಡೋಸ್, 1.2. ಜೂನ್: 3.6, ಒಂದೂವರೆ ಮಿಲಿಗ್ರಾಂ, 1.5. ಪಕ್ಕದಲ್ಲಿ ಡಾಕ್ಟರರ ಬರಹ: 'ಮಾತ್ರೆ ತಪ್ಪಿಸಿರಬಹುದು.' ಜುಲೈ: 3.9, ಅದೇ ಒಂದೂವರೆ, 1.7.

ಬರೆದು ಮುಗಿಸಿದಾಗ ಅವಳ ಕಣ್ಣು ಕುಕ್ಕಿದ್ದು ಜೂನ್ ಅಲ್ಲ, ಮೇ. ಎರಡೂವರೆ ಮಿಲಿಗ್ರಾಂಗೆ ಮಟ್ಟ ಸುಮಾರು ಏಳು ಬರುವವನಿಗೆ ಒಂದೂವರೆ ಮಿಲಿಗ್ರಾಂಗೆ ನಾಲ್ಕರ ಹತ್ತಿರ ಬರುವುದು ಸರಿಯಾದ ಲೆಕ್ಕವೇ. ಹೊಂದದೆ ನಿಂತದ್ದು ಹದಿಮೂರು ಪಾಯಿಂಟ್ ಎಂಟು ಮಾತ್ರ.

ಲ್ಯಾಬ್ ಚೀಟಿ ಹುಡುಕಿದಳು. ಉಳಿದ ದಿನಗಳಲ್ಲಿ ರಕ್ತ ತೆಗೆದದ್ದು ಎಂಟೂವರೆಗೆ, ಮಾತ್ರೆಗೆ ಮುಂಚೆ. ಮೇ ತಿಂಗಳ ಆ ದಿನ ಮಾತ್ರ ಹತ್ತು ಐವತ್ತಕ್ಕೆ. ನುಂಗಿದ ಒಂದೆರಡು ಗಂಟೆಯಲ್ಲಿ ಮಟ್ಟ ದುಪ್ಪಟ್ಟಾಗುವುದು ಸಹಜ, ಅದನ್ನು ನೋಡಿ ಡೋಸ್ ಇಳಿಸುವಂತಿಲ್ಲ.

ಅಂದು ತಡವಾಗಿದ್ದೇಕೆ? ಫೋನ್ ತೆಗೆದು ಮೇ ತಿಂಗಳಿಗೆ ಹೋದಳು. ಲೋಹಿತ್‌ಗೆ ಅವಳೇ ಕಳಿಸಿದ ಸಂದೇಶ: 'ಲ್ಯಾಬಿನವರು ಲೇಟು. ಹತ್ತೂವರೆಗೆ ಬನ್ನಿ.' ಮಾತ್ರೆ ತಗೋಬೇಡಿ ಎಂಬ ಮಾತೇ ಇರಲಿಲ್ಲ.

ಲೋಹಿತ್‌ಗೆ ಫೋನ್ ಮಾಡಿದಳು. "ಮೇನಲ್ಲಿ ಲೇಟಾಗಿ ಬಂದ್ರಲ್ಲ, ಅವತ್ತು ಮಾತ್ರೆ ತಗೊಂಡೇ ಬಂದಿದ್ರಾ?"

"ಹೂಂ ಮೇಡಂ. ಒಂಬತ್ತಕ್ಕೆ ಅಲಾರಂ ಹೊಡೀತು, ತಗೊಂಡೆ. ತಪ್ಪಿಸ್ಬಾರ್ದು ಅಂತ ನೀವೇ ಹೇಳಿದ್ರಲ್ಲ."

ಅವಳು ಗೆರೆ ಎಳೆದ ಅಂಕಣಗಳಲ್ಲಿ ಸಮಯದ್ದು ಇರಲಿಲ್ಲ. ಸೇರಿಸದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಡೋಸ್ ಹೇಗೂ ಏರಿಸುತ್ತಿದ್ದರು, ಅಪವಾದ ಮಾತ್ರ ಅವನ ಮೇಲೆ ಉಳಿಯುತ್ತಿತ್ತು. 'ರಕ್ತ ತೆಗೆದ ಸಮಯ', 'ಕೊನೆಯ ಮಾತ್ರೆಯ ಸಮಯ' ಎಂದು ಇನ್ನೆರಡು ಅಂಕಣ ಸೇರಿಸಿ, ಫೋನನ್ನೂ ಹಿಡಿದುಕೊಂಡು ಡಾಕ್ಟರರ ಕೋಣೆಗೆ ಹೋದಳು.

ಅವರು ಎರಡು ಸಲ ಓದಿದರು. "ಚೀಟಿ ಮೇಲೆ ಟೈಮಿತ್ತು," ಎಂದರು ಕೊನೆಗೆ. "ನಾನೂ ನೋಡ್ಲಿಲ್ಲ." 'ಮಾತ್ರೆ ತಪ್ಪಿಸಿರಬಹುದು' ಎಂಬ ಹಳೆಯ ಸಾಲನ್ನು ಅಳಿಸುವಂತಿರಲಿಲ್ಲ. ಅದರ ಕೆಳಗೆ ಅಂದಿನ ದಿನಾಂಕ ಹಾಕಿ, ರೋಗಿ ಮಾತ್ರೆ ತಪ್ಪಿಸಿಲ್ಲ, ಮೇ ತಿಂಗಳ ಮಟ್ಟ ಮಾತ್ರೆಯ ನಂತರದ್ದು ಎಂದು ಬರೆದು ಸಹಿ ಮಾಡಿದರು. ಡೋಸ್ ಮತ್ತೆ ಎರಡೂವರೆಗೆ ಏರಿತು.

ಕಿಡ್ನಿಯ ಚೂರು ತೆಗೆದು ನೋಡಿದ ಬಯಾಪ್ಸಿಯಲ್ಲಿ ದೇಹದ ತಿರಸ್ಕಾರ ಆಗಲೇ ಶುರುವಾದದ್ದು ಕಂಡಿತು. ಅದನ್ನು ತಡೆಯಲು ಮೂರು ದಿನ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ತಿಂಗಳ ನಂತರ ಕ್ರಿಯಾಟಿನಿನ್ 1.4ಕ್ಕೆ ಬಂದು ನಿಂತಿತು, 1.2ಕ್ಕೆ ಮರಳಲಿಲ್ಲ.

ಯಮುನಾ ತಾಯಿ ಮಗ ಇಬ್ಬರನ್ನೂ ಕೂರಿಸಿ ನಡೆದದ್ದನ್ನು ಹೇಳಿದಳು, ತನ್ನ ತಪ್ಪನ್ನೂ. ತಿಮ್ಮಕ್ಕ ಮಗನ ಮುಖ ನೋಡಲಾರದೆ ಸೆರಗಿನ ಅಂಚು ಹಿಂಡುತ್ತಿದ್ದಳು.

"ತಪ್ಪು ಎಲ್ಲರ್ ಕೈಲೂ ಆಗತ್ತೆ ಮೇಡಂ," ಎಂದ ಲೋಹಿತ್. "ಆದ್ರೆ ಎರಡು ತಿಂಗಳು ಅವ್ವ ನಾನು ನುಂಗಿದ್ನಾ ಅಂತ ಬಾಯಿ ತೆರೆಸಿ ನೋಡ್ತಿದ್ಲು."

ಆಮೇಲೆ ಅವನು ತಾಯಿಯ ಚೀಲ ಎತ್ತಿಕೊಂಡು, "ನಡಿ ಅವ್ವ, ಬಸ್ ಹೋಗ್ಬಿಡತ್ತೆ," ಎಂದ.