ಎರಡು ಸಲ ಹೆಪ್ಪುಗಟ್ಟಿದ ಕಿಚಡಿ

ನಾನು ಯಾರ ಉಪಕಾರವನ್ನೂ ಮೈಮೇಲೆ ಇಟ್ಟುಕೊಳ್ಳುವ ಹೆಂಗಸಲ್ಲ ಎಂಬುದು ಗಜೇಂದ್ರಗಡದ ನಮ್ಮ ಓಣಿಗೆಲ್ಲ ಗೊತ್ತು. ಬೆಳಿಗ್ಗೆ ಒಂದು ವಾಟಗ ಸಕ್ಕರೆ ಇಸಿದುಕೊಂಡರೆ ಸಂಜೆಯೊಳಗೆ ಒಂದೂವರೆ ವಾಟಗ ಮುಟ್ಟಿಸುವವಳು. ಅಂಥ ಸುಶೀಲವ್ವ ಈಗ ದಿನಾ ಬೆಳಿಗ್ಗೆ ಎದ್ದು ಆರು ಮನೆಗಳ ಕಡೆ ತಿರುಗಿ ಮನಸ್ಸಿನಲ್ಲೇ ಕೈಮುಗಿಯುತ್ತಾಳೆ ಎಂದರೆ ಅದಕ್ಕೆ ಒಂದು ಫ್ರೀಜರ್ ಕಾರಣ. ಖರೇ ಹೇಳಬೇಕೆಂದರೆ ನನ್ನ ದಡ್ಡತನವೂ ಕಾರಣ.

ಫೆಬ್ರುವರಿಯಲ್ಲಿ ನನ್ನ ಸೊಸೆ ನೀಲಾಳ ಎದೆಯ ಗಡ್ಡೆ ತೆಗೆದರು. ಮಾರ್ಚ್‌ನಿಂದ ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಯಲ್ಲಿ ಕೀಮೋ. ಅದೇ ಹೊತ್ತಿಗೆ ನಾನು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡೆ. ಮಗ ರಾಯಣ್ಣನಿಗೆ ಚಹಾ ಬಿಟ್ಟರೆ ಬೇರೆ ಅಡುಗೆ ಬಾರದು, ಆ ಚಹಾದ ರುಚಿ ಕುಡಿದವರಿಗೇ ಗೊತ್ತು. ಒಲೆ ಹಚ್ಚುವವರೇ ಇಲ್ಲದ ಮನೆಯಾಯಿತು ನಮ್ಮದು.

ಎದುರುಮನೆಯ ನಿಲೋಫರ ಸಮೋಸ, ಹೋಳಿಗೆಗಳನ್ನು ಮಾಡಿ ಫ್ರೀಜರಿನಲ್ಲಿಟ್ಟು ಮದುವೆ-ಮುಂಜಿಗಳಿಗೆ ಒದಗಿಸುವವಳು. ಒಂದು ದಿನ ಗಂಡ ಸಾಜೀದನಿಂದ ತನ್ನ ಹಳೆಯ ಫ್ರೀಜರನ್ನು ಹೊರಿಸಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಇಳಿಸಿಯೇಬಿಟ್ಟಳು. ಮೇಲಿನಿಂದ ಮುಚ್ಚಳ ತೆಗೆಯುವ, ದೊಡ್ಡ ಪೆಟ್ಟಿಗೆಯಂಥ ಫ್ರೀಜರ್.

"ಇದೇನವಾ ಇದು?" ಎಂದೆ.

"ನಿಮ್ಮ ಕೈ ಚಲೋ ಆಗೂತನಾ ಇಲ್ಲೇ ಇರ್ಲಿ, ಅವ್ವಾರ. ಓಣಿಯಾಗ ಆರು ಮನಿಯವ್ರು ಮಾತಾಡೇವಿ. ಯಾರ ಮನ್ಯಾಗ ನೀಲಾಗ ಆಗಿಬರೂವಂಥದ್ದು ಮಾಡಿದ್ರೂ, ಒಂದ್ ಪಾಲು ಇದರಾಗ ಇಡ್ತೀವಿ."

ನನಗೆ ಸಿಟ್ಟು ಬಂತು. ನಾವೇನು ಗತಿಗೆಟ್ಟವರೇ ಎಂದು ಬಾಯಿ ತುದಿಗೆ ಬಂದದ್ದನ್ನು ನೀಲಾಳ ಮುಖ ನೋಡಿ ನುಂಗಿಕೊಂಡೆ.

ನಿಲೋಫರಳ ಕಾಯ್ದೆಗಳು ಭಾಳ. ಬಿಸಿ ಅಡುಗೆಯನ್ನು ಅಗಲ ತಟ್ಟೆಗಳಲ್ಲಿ ಹರವಿ ಲಗೂ ಆರಿಸಬೇಕು, ಎರಡು ತಾಸಿನೊಳಗೆ ಒಳಗಿಡಬೇಕು. ಚೀಲದಲ್ಲಿ ತುಂಬಿ, ಗಾಳಿಯನ್ನೆಲ್ಲ ಒತ್ತಿ ತೆಗೆದು, ಚಪ್ಪಟೆ ಮಲಗಿಸಿ ಗಟ್ಟಿ ಮಾಡಿ, ಆಮೇಲೆ ಶಾಲೆ ಮಕ್ಕಳ ಪಾಟಿಗಳ ಹಾಗೆ ಸಾಲಾಗಿ ನಿಲ್ಲಿಸಬೇಕು. ಮೇಲೆ ತಾರೀಖು ಬರೆಯಬೇಕು. ಬೇಳೆಸಾರು ಮೂರು ತಿಂಗಳು ಬಂದೀತು, ಚಪಾತಿ ಎರಡು ತಿಂಗಳು, ಅನ್ನದ ಪದಾರ್ಥಗಳನ್ನು ಒಂದು ತಿಂಗಳೊಳಗೆ ಮುಗಿಸಿದರೆ ಚೆನ್ನ. ಅದರಾಚೆ ಕೆಡುವುದಲ್ಲ, ರುಚಿ ಹೋಗುವುದು. ಆಲೂಗಡ್ಡೆ ಪಲ್ಯ ಇಡಲೇಬಾರದು, ಮರಳು ಮರಳಾಗುತ್ತದೆ. ಕಡಕ್ ರೊಟ್ಟಿಗಂತೂ ಫ್ರೀಜರಿನ ಹಂಗೇ ಇಲ್ಲ, ಅದು ಬುಟ್ಟಿಯಲ್ಲೇ ಕೂತು ನಗುತ್ತಿರುತ್ತದೆ.

ಒಂದು ದಿನ ನಮ್ಮ ಓಣಿಯ ರಾಜೇಶ್ವರಿ ಟೀಚರ್ ಕೊಟ್ಟ ಚಪಾತಿಯ ಪೊಟ್ಟಣ ತೆಗೆದರೆ ಅಂಚಿನ ತುಂಬ ಬೆಳ್ಳನೆಯ ಒಣ ಕಲೆಗಳು. ಬೂಷ್ಟು ಹಿಡಿದದ್ದನ್ನು ರೋಗದವಳಿಗೆ ಕೊಟ್ಟಿದ್ದಾಳೆ ನೋಡು ಎಂದು ಟೀಚರಮ್ಮನನ್ನು ಮನಸ್ಸಿನಲ್ಲಿ ಚೆನ್ನಾಗಿ ಬೈದು, ಪೊಟ್ಟಣ ಹಿಡಿದುಕೊಂಡು ನಿಲೋಫರಳ ಮುಂದೆ ಹೋಗಿ ನಿಂತೆ.

ಅವಳು ನಕ್ಕಳು. "ಬೂಷ್ಟಲ್ರಿ ಇದು. ಚೀಲದಾಗ ಗಾಳಿ ಉಳದೈತಿ, ಒಳಗಿನ ಪಸಿ ಆರಿಹೋಗೈತಿ. ಬಿರಸಾಗಿರ್ತೈತಿ, ರುಚಿ ಇರೂದಿಲ್ಲ. ತಿಂದ್ರ ಏನೂ ಆಗೂದಿಲ್ಲ. ಒಣಗಿದ್ದಷ್ಟು ಹರದು ಒಗೀರಿ."

"ಕಂಡ್ರ ಅಸಹ್ಯ ಆಗ್ತೈತಲ್ಲ!"

"ಕಣ್ಣಿಗೆ ಕಾಣೂದಕ್ಕ ಅಂಜಬ್ಯಾಡ್ರಿ, ಅವ್ವಾರ. ಕಾಣದ್ದಕ್ಕ ಅಂಜ್ರಿ. ಫ್ರಿಜ್ಜಿನಾಗ ಕರಗಿ ಇನ್ನೂ ತಣ್ಣಗ ಇದ್ದದ್ದನ್ನ ತಿರಗಿ ಗಟ್ಟಿ ಮಾಡಬಹುದು, ನೀರು ಬಿಟ್ಕೋತೈತಿ ಅಷ್ಟ. ಹೊರಗಿನ ಧಗಿಯೊಳಗ ತಾಸುಗಟ್ಲೆ ಕರಗಿದ್ದನ್ನ ಮಾತ್ರ ತಿರಗಿ ಇಡಬ್ಯಾಡ್ರಿ. ಕಲ್ಲಾಗಿ ಚಲೋ ಕಾಣ್ತೈತಿ. ಆದ್ರ ಅದರಾಗ ಬೆಳದ ಕ್ರಿಮಿ ಸಾಯೂದಿಲ್ಲ, ಸುಮ್ನ ಮಲಗಿರ್ತಾವ."

ಹೂಂ ಎಂದೆ. ಕಿವಿಗೆ ಬಿದ್ದದ್ದೆಲ್ಲ ತಲೆಗೆ ಇಳಿಯುತ್ತದೆ ಎಂದೇನಿಲ್ಲ.

ಏಪ್ರಿಲ್‌ನಲ್ಲಿ ಎರಡನೆಯ ಕೀಮೋಗೆಂದು ನೀಲಾ, ರಾಯಣ್ಣ ಗುರುವಾರ ಹುಬ್ಬಳ್ಳಿಗೆ ಹೋದರು. ಅಲ್ಲೇ ಅವಳ ಅಕ್ಕನ ಮನೆಯಲ್ಲಿದ್ದು ಸೋಮವಾರ ಬರುವುದೆಂದಾಗಿತ್ತು. ನಾನು ಶುಕ್ರವಾರ ನಸುಕಿನಲ್ಲಿ ರಾಜೂರಿಗೆ, ತಂಗಿಯ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಹೊರಟೆ. ಹೊರಡುವಾಗ ಗ್ಯಾಸ್ ಬಂದ್ ಮಾಡಿದೆ, ಕಿಟಕಿ ಹಾಕಿದೆ, ನಲವತ್ತು ವರ್ಷದಿಂದ ಊರಿಗೆ ಹೋಗುವಾಗೆಲ್ಲ ಮಾಡುವಂತೆ ಮೇನ್ ಸ್ವಿಚ್ ಕೆಳಗೆಳೆದೆ. ಬಾಗಿಲು ಎರಡು ಸಲ ಜಗ್ಗಿ ನೋಡಿದೆ. ನನ್ನಷ್ಟು ಎಚ್ಚರದವಳು ಇಲ್ಲ ಎಂದುಕೊಂಡು ಬಸ್ ಹತ್ತಿದೆ.

ಭಾನುವಾರ ಹತ್ತಕ್ಕೆ ಬಂದು ಮೇನ್ ಮೇಲೆತ್ತಿದೆ. ಫ್ಯಾನು ತಿರುಗಿತು. ಪಡಸಾಲೆಯಲ್ಲಿ ಫ್ರೀಜರ್ ಗುಂಯ್ ಎಂದು ಶುರುವಾಯಿತು. ಮೇನ್ ಇಳಿಸಿದಾಗ ಅದೂ ನಿಂತಿತ್ತು ಎಂಬುದು ಆ ಸದ್ದು ಕೇಳಿದ ಮೇಲೆಯೇ ನನಗೆ ಹೊಳೆದದ್ದು.

ಮುಚ್ಚಳ ತೆಗೆದೆ. ಸಾಲಾಗಿ ನಿಂತಿದ್ದ ಹತ್ತೊಂಬತ್ತು ಚೀಲಗಳು ಒಂದರ ಮೇಲೊಂದು ಕುಸಿದು ತಳದ ನೀರಿನಲ್ಲಿ ಮಲಗಿದ್ದವು. ಮುಟ್ಟಿದರೆ ಮೆತ್ತಗೆ, ತಣ್ಣಗೂ ಇರಲಿಲ್ಲ. ಎರಡು ಹಗಲು, ಎರಡು ರಾತ್ರಿಯ ಧಗೆ ಮುಚ್ಚಿದ ಮನೆಯಲ್ಲೇ ಕೂತಿತ್ತು. ಒಂದು ಚೀಲ ಬಿಚ್ಚಿ ಮೂಸಿದೆ. ಕೆಟ್ಟ ವಾಸನೆ ಇರಲಿಲ್ಲ.

ವಾಸನೆ ಇರಲಿಲ್ಲವಲ್ಲ, ಅದನ್ನೇ ಹಿಡಿದುಕೊಂಡೆ. ಆರು ಮನೆಯ ಹೆಂಗಸರು ಬೆವರು ಸುರಿಸಿ ಮಾಡಿದ ಅನ್ನ ಅದು. ಅದನ್ನು ತಿಪ್ಪೆಗೆ ಹಾಕಿದೆ ಎಂದು ಯಾವ ಬಾಯಿಂದ ಹೇಳಲಿ? ತೆಳ್ಳನೆಯ ಚೀಲಗಳನ್ನು ಎಡಗೈಯಿಂದ ನೇರ ಮಾಡಿ, ತಳದ ನೀರು ಒರೆಸಿ, ಚಪ್ಪಟೆ ಮಲಗಿಸಿ ಮುಚ್ಚಿದೆ. ಸೋಮವಾರ ಬೆಳಗಾಗುವಷ್ಟರಲ್ಲಿ ಎಲ್ಲ ಕಲ್ಲಾಗಿತ್ತು. ಏನೂ ಆಗಿಯೇ ಇಲ್ಲವೇನೋ ಅನ್ನುವಷ್ಟು ಚಂದ ಕಾಣುತ್ತಿತ್ತು. ಕುದಿಸಿ ಕೊಟ್ಟರಾಯಿತು, ಕುದಿಗೆ ಯಾವ ಕ್ರಿಮಿ ಉಳಿದೀತು ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ.

ಮಧ್ಯಾಹ್ನ ನೀಲಾ ಬಂದಳು. ತಲೆಗೆ ವಸ್ತ್ರ, ಕಣ್ಣು ಗುಳಿಬಿದ್ದಿದ್ದವು. ನಾಲ್ಕು ದಿನದಿಂದ ಎಳನೀರು, ಗಂಜಿ ಬಿಟ್ಟರೆ ಏನೂ ಒಳಗೆ ನಿಂತಿಲ್ಲ ಎಂದ ರಾಯಣ್ಣ. ಡಾಕ್ಟರು ಕೊಟ್ಟ ಚೀಟಿ ಓದಿ ಹೇಳಿದ. ಇನ್ನು ಹತ್ತು ದಿನ ರಕ್ತದ ಬಿಳಿಕಣ ಭಾಳ ಕಡಿಮೆ ಇರುತ್ತವಂತೆ, ಬೇರೆಯವರಿಗೆ ಬರಿ ಹೊಟ್ಟೆನೋವಾಗುವಂಥದ್ದು ಇವಳ ಜೀವಕ್ಕೇ ಬರಬಹುದಂತೆ. ಚೀಟಿ ಮಡಚಿ ದೇವರ ಜಗಲಿಯ ಮೇಲಿಟ್ಟು, ಔಷಧ ತರಲು ಹೋದ.

ಸ್ವಲ್ಪ ಹೊತ್ತಿಗೆ ನೀಲಾ ಕರೆದಳು. "ಅತ್ತೀ, ಹಸಿವಾಗೇತ್ರಿ."

ಈ ಮಾತು ಕೇಳಲು ನಾನು ಹರಕೆ ಹೊತ್ತಿದ್ದೆ.

"ಏನ್ ಬೇಕವಾ?"

"ನಿಲೋಫರಕ್ಕನ ಹೆಸರಬ್ಯಾಳಿ ಕಿಚಡಿ ಐತ್ಯಲ್ರಿ. ಅದೊಂದು ಸೇರ್ತೈತಿ ನೋಡ್ರಿ."

ಇತ್ತು. ನಾಲ್ಕು ಚೀಲ ಇತ್ತು. ಒಂದನ್ನು ಪಾತ್ರೆಗೆ ಹಾಕಿ ಕುದಿಸಿದೆ. ಇನ್ನಷ್ಟು ಕುದಿಸಿದೆ. ತುಪ್ಪ ಹಾಕಿ, ಆರಲು ಬಿಟ್ಟು, ಬಟ್ಟಲು ತಂದು ಅವಳ ಮುಂದಿಟ್ಟೆ. ಘಮಘಮ ಎನ್ನುತ್ತಿತ್ತು, ಅದೇ ನನ್ನನ್ನು ಹೆದರಿಸಿತು. ಕೆಟ್ಟದ್ದು ಇಷ್ಟು ಚಂದ ಘಮಿಸಬಾರದಿತ್ತು.

ನೀಲಾ ಚಮಚ ಎತ್ತಿದಳು. ನೋಡಲಿಲ್ಲ, ಮೂಸಲಿಲ್ಲ.

"ತಡಿ!" ಎಂದು ಕೂಗಿದೆ. ಎಡಗೈಯಿಂದ ಬಟ್ಟಲು ಜಗ್ಗಿದ ರಭಸಕ್ಕೆ ಅರ್ಧ ಕಿಚಡಿ ಹಾಸಿಗೆ ಮೇಲೆ ಚೆಲ್ಲಿತು. "ತಿನಬ್ಯಾಡ. ಮೇನ್ ಬಂದ್ ಮಾಡಿ ರಾಜೂರಿಗೆ ಹೋಗಿದ್ದೆ. ಎಲ್ಲಾ ಕರಗಿತ್ತು. ಯಾರಿಗೂ ಹೇಳದ ತಿರಗಿ ಗಟ್ಟಿ ಮಾಡೇನಿ."

ಅವಳು ಚಮಚ ಕೆಳಗಿಟ್ಟಳು. ಬೈಯಲಿ ಎಂದು ಕಾದೆ, ಬೈದಿದ್ದರೆ ಹಗುರಾಗುತ್ತಿದ್ದೆ.

"ಔಷಧ ಶುರುವಾದಾಗಿಂದ ನಂಗ ವಾಸನಿನ ತಿಳೀವಲ್ದ್ರಿ, ಅತ್ತೀ," ಎಂದಳು ಮೆಲ್ಲಗೆ. "ಕೆಟ್ಟೈತೋ ಚಲೋ ಐತೋ ಒಂದೂ ಗೊತ್ತಾಗೂದಿಲ್ಲ. ನೀವು ಕೊಟ್ರಿ ಅಂದ್ರ ತಿಂತೀನಿ, ಅಷ್ಟ."

ಆ ಮಾತು ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಚಪ್ಪಲಿ ಕೂಡ ಮೆಟ್ಟದೆ ಎದುರುಮನೆಗೆ ಓಡಿದೆ.

ನಿಲೋಫರ ಹಿಟ್ಟಿನ ಕೈಯಲ್ಲೇ ಪೂರಾ ಕೇಳಿದಳು. "ಆಕಿ ಒಂದ್ ತುತ್ತರ ತಿಂದಳೇನ್ರಿ?"

"ಇಲ್ಲ."

"ನಾಲಗಿಗೆ ಹಚ್ಚಿದ್ಳೇನು?"

"ಇಲ್ಲವಾ, ಬಟ್ಟಲಾ ಕಸಗೊಂಡೆ."

ಆಗ ಅವಳು ಉಸಿರು ಬಿಟ್ಟಳು. "ಕೆಲವು ಕ್ರಿಮಿ ವಿಷ ಬಿಟ್ಟಿರ್ತಾವ್ರಿ, ಅವ್ವಾರ. ಅನ್ನದಾಗಂತೂ ಖರೇನ. ಕ್ರಿಮಿ ಕುದಿಗೆ ಸತ್ರೂ ಆ ವಿಷ ಹೋಗೂದಿಲ್ಲ. ಚಲೋ ಮಾಡಿದ್ರಿ, ಹೇಳಿದ್ರಿ."

ಚಲೋ ಮಾಡಿದೆನಂತೆ! ಅವಳ ಫ್ರೀಜರ್, ಅವಳ ಶ್ರಮ, ಅವಳು ಹೇಳಿದ ಕಾಯ್ದೆ, ಎಲ್ಲವನ್ನೂ ಮಣ್ಣುಪಾಲು ಮಾಡಿದವಳಿಗೆ ಅವಳು ಹೇಳಿದ್ದು ಅದೊಂದೇ ಮಾತು. ಕೈ ತೊಳೆದು, ಹೆಸರುಬೇಳೆ ಡಬ್ಬಿ ಬಗಲಲ್ಲಿಟ್ಟುಕೊಂಡು ನನಗಿಂತ ಮುಂದೆ ನಮ್ಮ ಮನೆಗೆ ನಡೆದಳು.

"ನಾ ಕುಕ್ಕರ್ ಇಡ್ತೀನಿ. ಉಳದವ್ರಿಗೆ ನೀವ ಹೇಳಿ ಬರ್ರಿ," ಎಂದಳು.

ಉಳಿದ ಐದು ಮನೆಯ ಮೆಟ್ಟಿಲು ಹತ್ತಿದೆ. ನೀವು ಮಾಡಿದ ಅನ್ನ ಹಾಳು ಮಾಡಿದೆ, ಮುಚ್ಚಿಡಲು ನೋಡಿದೆ ಎಂದು ಐದೂ ಕಡೆ ಹೇಳಿದೆ. ಬೈಗುಳಕ್ಕೆ ಬೆನ್ನೊಡ್ಡಿ ಹೋದವಳಿಗೆ ಒಂದು ಬೈಗುಳವೂ ಸಿಗಲಿಲ್ಲ. ರಾಜೇಶ್ವರಿ ಟೀಚರ್ ನನ್ನನ್ನು ಕೂಡಿಸಿ ನೀರು ಕೊಟ್ಟಳು. ಆಕೆಯ ಚಪಾತಿಗೆ ಬೂಷ್ಟು ಎಂದು ಬೈದದ್ದನ್ನೂ ಹೇಳಿಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೊನೆಯ ಮನೆ ಕಳಕವ್ವನದು, ನನಗಿಂತ ಹತ್ತು ವರ್ಷ ಹಿರಿಯಳು, ಅವಳು ಮಾತ್ರ ಗದರಿದಳು.

"ಬ್ಯಾಳಿ ಹೋದ್ರ ಮತ್ತ ಬೇಯಿಸಾಕ ಬರ್ತೈತಿ. ಹುಡಿಗಿ ಹೋಗಿದ್ರ? ಅಳಬ್ಯಾಡ, ಎದ್ದು ಮನಿಗೆ ನಡಿ. ಬುಧವಾರ ನೀಲಾಗ ಶಾವಿಗಿ ಪಾಯಸ ಮಾಡಾಕಿ ಅದೇನಿ."

ನಾನು ಮರಳುವಷ್ಟರಲ್ಲಿ ಔಷಧ ತಂದಿದ್ದ ರಾಯಣ್ಣ ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿ, ನಾಯಿ ಬಾಯಿ ಹಾಕದಂತೆ ಎಲ್ಲವನ್ನೂ ಹೂಳುತ್ತಿದ್ದ. ಅನ್ನಕ್ಕೆ ಕೈಮುಗಿದೆ. ತಪ್ಪು ನನ್ನದು ಎಂದೆ.

ಒಳಗೆ ಬಂದರೆ ನಿಲೋಫರ ನೀಲಾಳ ಹಾಸಿಗೆಯ ಪಕ್ಕ ಕೂತಿದ್ದಳು. ಈಗಷ್ಟೇ ಇಳಿಸಿದ ಕಿಚಡಿಯ ಹಬೆ ಕೋಣೆ ತುಂಬಿತ್ತು. ನಾನು ಬಾಗಿಲಲ್ಲೇ ನಿಂತೆ. ಒಳಗೆ ಹೋಗಲು ಮುಖವಿರಲಿಲ್ಲ. ಇನ್ನು ಈ ಹುಡುಗಿ ನನ್ನ ಕೈಯಿಂದ ಏನನ್ನೂ ತಿನ್ನಲಾರಳು, ತಿನ್ನಬಾರದು ಕೂಡ ಎಂದುಕೊಂಡಿದ್ದೆ.

ನೀಲಾ ಬಟ್ಟಲು ಖಾಲಿ ಮಾಡಿ ತಲೆ ಎತ್ತಿದಳು. ಪಾತ್ರೆ ನಿಲೋಫರಳ ಮಗ್ಗುಲಲ್ಲೇ ಇತ್ತು, ಸೌಟು ಅವಳ ಕೈಯಲ್ಲೇ ಇತ್ತು. ನೀಲಾ ಬಟ್ಟಲನ್ನು ಅವಳಿಗೆ ಕೊಡಲಿಲ್ಲ. ಅವಳನ್ನು ದಾಟಿಸಿ, ಬಾಗಿಲ ಕಡೆಗೆ, ನನ್ನತ್ತ ಚಾಚಿದಳು.

"ಅತ್ತೀ, ಇನ್ನೊಂದೀಟು ನೀವ ಹಾಕ್ರಿ."