ಕೆಳಗಿನ ಮೂರು ಸಾಲು

"ಏನ್ರೀ ಇದು, ಇರುವೆ ಸಾಲು ಬಿಟ್ಟಂಗೈತೆ! ಇದನ್ನ ಒಳಗೆ ತಗೊಂಡೋದ್ರೆ ಮುಖಕ್ಕೆ ಎಸೀತಾರೆ."

ಉಮಾಶಂಕರ್ ಕ್ರಯಪತ್ರದ ಆರು ಹಸಿರು ಹಾಳೆಗಳನ್ನು ನನ್ನ ಕೀಬೋರ್ಡಿನ ಮೇಲೆ ಬಿಸಾಕಿದ. ಬೂದಿಗೆರೆ ಕಡೆ ಜಮೀನು ಕೊಂಡು ಲೇಔಟ್ ಮಾಡುವವನು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನು, ಮಾತಿನಲ್ಲಿ ನಮ್ಮಪ್ಪನಿಗೂ ದೊಡ್ಡವನು.

"ಎಸೆದ್ರೆ ಎತ್ಕೊಳ್ರಿ. ನಿಮ್ಮ ವಕೀಲರು ಕಳ್ಸಿದ ಪಿಡಿಎಫ್ ಇದು. ನಾನೇನು ಉಗುರಲ್ಲಿ ಬರ್ದಿದ್ದೀನಾ?" ಎಂದೆ.

"ಇಪ್ಪತ್ತು ವರ್ಷದಿಂದ ಪತ್ರ ಬರೀತೀಯ, ಒಂದು ಪ್ರಿಂಟ್ ತೆಗೆಯಕ್ಕೆ ಬರಲ್ವಾ? ಹನ್ನೊಂದೂವರೆಗೆ ನಮ್ಮ ಟೋಕನ್. ಹನ್ನೊಂದಾಯ್ತು."

"ಇಪ್ಪತ್ತಾರು ವರ್ಷ. ಬಾಯಿ ಮುಚ್ಕೊಂಡು ನಿಂತ್ಕೊಂಡ್ರೆ ಐದು ನಿಮಿಷದಲ್ಲಿ ಕೊಡ್ತೀನಿ."

ದೇವನಹಳ್ಳಿಯಲ್ಲಿ, ನೋಂದಣಿ ಕಚೇರಿಯ ಎದುರು, ರಸ್ತೆಯ ಈ ಕಡೆ ನನ್ನ ಪತ್ರ ಬರೆಯುವ ಅಂಗಡಿ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಬೆಂಚು. ಬೆಂಚಿನ ಮೇಲೆ ಮುನಿಗಂಗಮ್ಮ ಕೂತಿದ್ದಳು. ಬೂದಿಗೆರೆ ಹತ್ತಿರ ನಮ್ಮ ಪಕ್ಕದ ಊರಿನವಳು, ನಮ್ಮಕ್ಕನ ವಾರಿಗೆಯವಳು. ಅವಳ ಜೊತೆ ಸಾಕ್ಷಿ ಹಾಕಲು ಬಂದ ಬೈರಪ್ಪ. ನಮ್ಮಿಬ್ಬರ ಜಗಳ ಕೇಳಿ ಆಕೆ ಸೆರಗನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು.

ಆಕೆ ಮಾರುತ್ತಿದ್ದದ್ದು ರಸ್ತೆಗೆ ಹತ್ತಿದ ಮುಂದಿನ ಇಪ್ಪತ್ತು ಗುಂಟೆ. ಹಿಂದೆ ಆಕೆಯ ಮನೆ. ಅಲ್ಲಿ ಆಕೆ, ಮಗಳು ಕವಿತ, ಕವಿತಳ ಇಬ್ಬರು ಮಕ್ಕಳು. ಮನೆಯ ಹಿಂದೆ ಮಳೆನೀರು ಹರಿಯುವ ರಾಜಕಾಲುವೆ, ಎರಡು ಪಕ್ಕದಲ್ಲೂ ಬೇರೆಯವರ ಕಾಂಪೌಂಡು. ಮುಂದಿನ ಜಮೀನಿನೊಳಗಿಂದಲೇ ರಸ್ತೆಗೆ ಬರಬೇಕು. ಅದಕ್ಕೇ ಆಕೆ ಮಾತುಕತೆಯಲ್ಲಿ ಒಂದೇ ಷರತ್ತು ಹಾಕಿದ್ದಳು: ಉತ್ತರದ ಅಂಚಿಗೆ ಹತ್ತು ಅಡಿ ದಾರಿ ಬಿಡಬೇಕು, ಅದು ಪತ್ರದಲ್ಲಿ ಬರಬೇಕು. ಉಮಾಶಂಕರ್ ಮೂರು ತಿಂಗಳು ಎಳೆದಾಡಿ ಒಪ್ಪಿದ್ದ.

ಅಕ್ಷರ ಚಿಕ್ಕದಾದದ್ದು ಯಾಕೆ ಎಂದು ನನಗೆ ತಿಳಿದಿತ್ತು. ಪತ್ರದ ಹಾಳೆ ಲೀಗಲ್ ಅಳತೆ, ಉದ್ದ ಹದಿನಾಲ್ಕು ಇಂಚು. ಬೆಳಿಗ್ಗೆಯಿಂದ ಪಹಣಿ, ಆಧಾರ್ ಅಂತ ಎ4 ಹಾಳೆಯಲ್ಲಿ ತೆಗೆಯುತ್ತಿದ್ದೆ. ಪ್ರಿಂಟರ್ ಇನ್ನೂ ಎ4 ಅಂತಲೇ ತಿಳಿದುಕೊಂಡಿತ್ತು. ಉದ್ದನೆಯ ಪುಟವನ್ನು ಗಿಡ್ಡ ಹಾಳೆಗೆ ಹಿಡಿಸಬೇಕೆಂದು 'ಫಿಟ್' ಅನ್ನುವ ಆಯ್ಕೆ ಎಲ್ಲವನ್ನೂ ಕುಗ್ಗಿಸಿಬಿಟ್ಟಿತ್ತು. ಎರಡು ಪಕ್ಕದಲ್ಲೂ ಖಾಲಿ ಜಾಗ, ಕೆಳಗೆ ಖಾಲಿ ಜಾಗ, ನಡುವೆ ಸಣ್ಣ ಅಕ್ಷರ.

ಸರಿಪಡಿಸಲು ಎರಡು ಕೆಲಸ ಮಾಡಬೇಕಿತ್ತು. ಹಾಳೆಯ ಅಳತೆಯನ್ನು ಲೀಗಲ್ ಮಾಡಬೇಕು. 'ಫಿಟ್' ತೆಗೆದು 'ಆ್ಯಕ್ಚುವಲ್ ಸೈಜ್' ಒತ್ತಬೇಕು. ಉಮಾಶಂಕರ್ ನನ್ನ ಕಿವಿಯ ಹತ್ತಿರ "ಬೇಗ, ಬೇಗ" ಅಂತಿದ್ದ. ನನ್ನ ತಲೆ ಕಾದಿತ್ತು. ನಾನು ಎರಡನೆಯದನ್ನು ಮಾತ್ರ ಮಾಡಿದೆ. ಇನ್ನೂ ಆರು ಹಸಿರು ಹಾಳೆ ಇಟ್ಟು ಒತ್ತಿದೆ.

ಅಕ್ಷರ ದಪ್ಪಗೆ ಬಂತು. ಕೆಳಗೆ ಎರಡು ಇಂಚು ಜಾಗವೂ ಉಳಿದಿತ್ತು.

"ಇದಪ್ಪ ಪ್ರಿಂಟು! ಹೆಬ್ಬೆಟ್ಟು ಒತ್ತಕ್ಕೂ ಜಾಗ ಬಂತು ನೋಡು" ಎಂದು ಉಮಾಶಂಕರ್ ಹಾಳೆ ಕಿತ್ತುಕೊಂಡ.

ಪತ್ರವನ್ನು ಓದಿ ಹೇಳದೆ ನಾನು ಯಾರ ಹೆಬ್ಬೆಟ್ಟನ್ನೂ ಹಾಕಿಸಿದವನಲ್ಲ. ಆವತ್ತೂ ಓದಿದೆ. ಆದರೆ ಹಾಳೆ ಅವನ ಕೈಯಲ್ಲಿತ್ತು, ನನ್ನ ಕನ್ನಡಕ ಹಳೆಯದಾಗಿತ್ತು. ಕಂಪ್ಯೂಟರ್ ಪರದೆ ನೋಡಿಕೊಂಡೇ ಓದಿದೆ. "...ಉತ್ತರದ ಅಂಚಿನಲ್ಲಿ ಹತ್ತು ಅಡಿ ಅಗಲದ ದಾರಿಯನ್ನು, ಹಿಂಭಾಗದ ಮನೆಗೆ ಓಡಾಡಲು, ಮಾರಾಟಗಾರರಿಗೂ ಅವರ ವಾರಸುದಾರರಿಗೂ ಶಾಶ್ವತವಾಗಿ ಬಿಡಲಾಗಿರುತ್ತದೆ."

"ಇನ್ನೊಂದ್ಸಲ ಓದು ಕೆಂಪ್ರಾಜಾ" ಎಂದಳು ಮುನಿಗಂಗಮ್ಮ.

ಓದಿದೆ.

"ಸರಿ ಕಣಪ್ಪ. ನೀನು ಓದಿದ್ಮೇಲೆ ಮುಗೀತು."

ಆರೂ ಹಾಳೆಯ ಕೆಳಗೆ, ಆ ಖಾಲಿ ಜಾಗದಲ್ಲಿ, ಹೆಬ್ಬೆಟ್ಟು ಒತ್ತಿದಳು. ಬೈರಪ್ಪ ಕೊನೆಯ ಹಾಳೆಗೆ ಸಹಿ ಹಾಕಿದ. ಉಮಾಶಂಕರ್ ಹಾಳೆಗಳನ್ನು ಫೈಲಿಗೆ ಸೇರಿಸಿಕೊಂಡು ರಸ್ತೆ ದಾಟಿದ. ಅವರಿಬ್ಬರೂ ಹಿಂದೆ ಹೋದರು.

ನಾನು ಒಂದು ಲೋಟ ನೀರು ಕುಡಿದೆ. ಕೆಟ್ಟುಹೋದ ಮೊದಲಿನ ಆರು ಹಾಳೆ ಕೀಬೋರ್ಡಿನ ಮೇಲೆ ಹಾಗೇ ಬಿದ್ದಿದ್ದವು. ಹಿಂಭಾಗ ಲೆಕ್ಕ ಗೀಚಲು ಬರುತ್ತದೆ ಅಂತ ಜೋಡಿಸಿದೆ. ಜೋಡಿಸುವಾಗ ಪ್ರತಿ ಹಾಳೆಯ ಬುಡದಲ್ಲೂ ಪುಟದ ಸಂಖ್ಯೆ ಕಾಣಿಸಿತು. ಒಂದು. ಎರಡು. ಮೂರು.

ಹೆಬ್ಬೆಟ್ಟು ಒತ್ತಿಸುವಾಗ ನಾನೇ ಹಾಳೆ ಹಿಡಿದಿದ್ದೆ. ಬುಡದಲ್ಲಿ ಸಂಖ್ಯೆ ಇರಲಿಲ್ಲ.

ಕೈ ನಿಂತುಹೋಯಿತು. ಇರಲಿಲ್ಲವೇ? ಇತ್ತೇನೋ, ಹೆಬ್ಬೆಟ್ಟಿನ ಶಾಯಿ ಮುಚ್ಚಿತ್ತೇನೋ. ಇಲ್ಲ. ಬರೀ ಹಸಿರು ಇತ್ತು.

ಪರದೆಯಲ್ಲಿ ಪ್ರಿಂಟಿನ ಕಿಟಕಿ ಮತ್ತೆ ತೆರೆದೆ. ಹಾಳೆಯ ಅಳತೆ: ಎ4. ಗಾತ್ರ: ಆ್ಯಕ್ಚುವಲ್. ಪಕ್ಕದಲ್ಲಿ ಪುಟದ ಚಿಕ್ಕ ಚಿತ್ರ ಇತ್ತು. ಆಗ ಅದನ್ನು ನೋಡಿದ್ದರೆ ಸಾಕಿತ್ತು. ಹದಿನಾಲ್ಕು ಇಂಚಿನ ಪುಟವನ್ನು ಕುಗ್ಗಿಸದೆ ಹನ್ನೊಂದು ಮುಕ್ಕಾಲು ಇಂಚಿನ ಒಳಗೆ ನಡುವಿಗೆ ಕೂರಿಸಿ, ಮೇಲೆ ಒಂದು ಇಂಚು ಚಿಲ್ಲರೆ, ಕೆಳಗೆ ಒಂದು ಇಂಚು ಚಿಲ್ಲರೆ ಕತ್ತರಿಸಿ ಹಾಕಿತ್ತು. ಮೇಲೆ ಹೋದದ್ದು ಬರೀ ಖಾಲಿ ಅಂಚು. ಕೆಳಗೆ ಹೋದದ್ದು ಪುಟದ ಸಂಖ್ಯೆ ಮತ್ತು ಅದರ ಮೇಲಿನ ಮೂರು ಸಾಲು. ಆರು ಪುಟದಲ್ಲೂ ಮೂರು ಮೂರು ಸಾಲು. ನಮ್ಮ ಪತ್ರಗಳಲ್ಲಿ ಒಂದು ವಾಕ್ಯ ಒಂದೂವರೆ ಪುಟ ಓಡುತ್ತದೆ. ಎಲ್ಲಿ ಕಡಿದರೂ ಕಡಿದದ್ದು ಕಣ್ಣಿಗೆ ಬೀಳುವುದಿಲ್ಲ.

ಮೂರನೇ ಪುಟದ ಬುಡದ ಆ ಮೂರು ಸಾಲು ಯಾವುದು ಅಂತ ನೋಡಿದೆ.

ಉತ್ತರದ ಅಂಚಿನಲ್ಲಿ ಹತ್ತು ಅಡಿ.

ಒಳಗೆ ಸ್ಕ್ಯಾನ್ ಆದ ಹಾಳೆಯೇ ದಾಖಲೆ. ಆಕೆ ಕಿವಿಯಲ್ಲಿ ಕೇಳಿದ್ದಕ್ಕೆ ಯಾವ ಬೆಲೆಯೂ ಇಲ್ಲ. ನಾಳೆ ಆ ಜಾಗಕ್ಕೆ ತಂತಿ ಬೇಲಿ ಬೀಳುತ್ತದೆ. ಕವಿತಳ ಮಕ್ಕಳು ಶಾಲೆಗೆ ಹೋಗಲು ರಾಜಕಾಲುವೆ ಹಾರಬೇಕು. ಊರಲ್ಲಿ ಒಂದೇ ಮಾತು ಬರುತ್ತದೆ: ಕೆಂಪರಾಜು ಲೇಔಟಿನವನ ಜೊತೆ ಸೇರಿಕೊಂಡು, ಒಂದು ಓದಿ ಇನ್ನೊಂದಕ್ಕೆ ಹೆಬ್ಬೆಟ್ಟು ಹಾಕಿಸಿದ. ಇಲ್ಲ ಅಂತ ಹೇಳಲು ನನ್ನ ಹತ್ತಿರ ಏನಿದೆ? ಹಾಗೇ ಆಗಿದೆಯಲ್ಲ.

ಗಡಿಯಾರ ನೋಡಿದೆ. ಹನ್ನೊಂದು ಮೂವತ್ತೈದು.

ಆ ಸಣ್ಣ ಅಕ್ಷರದ ಹಾಳೆಗಳನ್ನು ಹಿಡಿದುಕೊಂಡು ಅಂಗಡಿ ಹಾಗೇ ಬಿಟ್ಟು ಓಡಿದೆ. ಬಸ್ಸಿನವನು ಬ್ರೇಕ್ ಹಾಕಿ ನಮ್ಮಮ್ಮನನ್ನು ನೆನೆದ. ಕಚೇರಿಯ ಮೆಟ್ಟಿಲನ್ನು ಎರಡೆರಡಾಗಿ ಹಾರಿದೆ. ಇಪ್ಪತ್ತಾರು ವರ್ಷ ಹತ್ತಿದ ಮೆಟ್ಟಿಲು ಎಷ್ಟಿವೆ ಅಂತ ಆವತ್ತು ಗೊತ್ತಾಗಲಿಲ್ಲ.

ಒಳಗೆ ಹಾಲಿನಲ್ಲಿ ಜನ ತುಂಬಿದ್ದರು. ಮುನಿಗಂಗಮ್ಮ ಕ್ಯಾಮೆರಾ ಮುಂದಿನ ಕುರ್ಚಿಯ ಪಕ್ಕ ನಿಂತಿದ್ದಳು. ಕುರ್ಚಿಯಲ್ಲಿ ಇನ್ಯಾರೋ ಕೂತು ಹೆಬ್ಬೆರಳನ್ನು ಯಂತ್ರಕ್ಕೆ ಒತ್ತುತ್ತಿದ್ದ. ಮುಂದಿನದು ಇವಳದೇ. ಉಮಾಶಂಕರ್ ಫೈಲನ್ನು ಎದೆಗೆ ಅವುಚಿಕೊಂಡಿದ್ದ.

ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದೆ. "ಪ್ರಿಂಟ್ ತಪ್ಪಾಗಿದೆ. ಕೆಳಗಿನ ಸಾಲು ಕಟ್ ಆಗಿವೆ. ದಾರಿ ಹೋಗಿದೆ. ಹಾಳೆ ಕೊಡ್ರಿ, ಹತ್ತು ನಿಮಿಷ."

ಅವನು ಬೆಚ್ಚಿ ಬೀಳಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ನನ್ನ ಮುಖವನ್ನೇ ನೋಡುತ್ತ, ತಣ್ಣಗೆ ಹೇಳಿದ: "ಗೊತ್ತಾಯ್ತು ಬಿಡು. ಇಲ್ಲಿ ನಿಂತಾಗ ಓದ್ದೆ. ಈಗ ರಿಜಿಸ್ಟರ್ ಆಗ್ಲಿ, ಮುಂದಿನ ವಾರ ತಿದ್ದುಪಡಿ ಪತ್ರ ಮಾಡ್ಸೋಣ. ಟೋಕನ್ ಹೋದ್ರೆ ಮತ್ತೆ ಸಿಗಲ್ಲ."

"ಮುಂದಿನ ವಾರ ನೀವು ಬರ್ತೀರಾ?"

"ಕೆಂಪರಾಜು, ತಪ್ಪು ನಿಂದು. ಬಾಯಿ ಬಿಟ್ರೆ ನಿನ್ನ ಅಂಗಡಿನೇ ಬಾಗಿಲು ಹಾಕೋದು, ನಂದಲ್ಲ. ಯೋಚ್ನೆ ಮಾಡು."

ಯೋಚನೆ ಮಾಡಿದೆ. ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಕುರ್ಚಿಯಲ್ಲಿದ್ದವನು ಏಳುವಷ್ಟು ಹೊತ್ತು ಯೋಚನೆ ಮಾಡಿದೆ. ತಿದ್ದುಪಡಿ ಪತ್ರ ಅಂತ ಒಂದು ಇದೆ, ನಿಜ. ಮಾಡಿಸಲೂಬಹುದು. ಯಾರಿಗೂ ಗೊತ್ತಾಗುವುದಿಲ್ಲ.

"ಮುನಿಗಂಗಮ್ಮ ಯಾರು, ಬನ್ನಿ" ಎಂದು ಒಳಗಿನಿಂದ ಕರೆದರು.

ಆಕೆ ಕುರ್ಚಿಯಲ್ಲಿ ಕೂತಳು. ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡಳು.

"ಮುನಿಗಂಗಕ್ಕಾ, ಒತ್ತಬ್ಯಾಡ!"

ನಾನು ಕೂಗಿದ್ದು ಹಾಲಿನ ಕೊನೆಯವರೆಗೂ ಕೇಳಿಸಿತು. ಎಲ್ಲರೂ ತಿರುಗಿದರು. ಬೈರಪ್ಪ ಓಡಿ ಬಂದ.

"ಏನಾಯ್ತೋ?"

"ನಾನು ಓದಿದ್ದು ಕಂಪ್ಯೂಟರ್‌ನಾಗೆ. ಹಾಳೆನಾಗೆ ಅದಿಲ್ಲ. ಪ್ರಿಂಟ್ ಹಾಕೋವಾಗ ಹಾಳೆ ಅಳತೆ ಬದಲಾಯ್ಸೋದು ಮರೆತೆ. ಕೆಳಗಿನ ಮೂರು ಸಾಲು ಬಿದ್ದೋಗಿವೆ. ದಾರಿ ಅದ್ರಾಗೇ ಇತ್ತು. ತಪ್ಪು ನಂದೇ."

ಆಕೆ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ದಾರಿ ಇಲ್ವಾ?"

"ಹಾಳೆನಾಗೆ ಇಲ್ಲ."

"ಎರಡ್ಸಲ ಓದಿದ್ಯಲ್ಲೋ."



"ಅಮ್ಮಾ, ಸಣ್ಣ ತಪ್ಪು" ಎಂದು ಉಮಾಶಂಕರ್ ನಡುವೆ ಬಂದ. "ನಾನು ಬಾಯಿ ಮಾತು ಕೊಟ್ಟಿಲ್ವಾ? ನೀವು ಒತ್ತಿ, ಆಮೇಲೆ ಸೇರಿಸ್ಕೊಳೋಣ."

"ನಿಂಗೆ ಗೊತ್ತಿತ್ತಾ?" ಎಂದು ಕೇಳಿದಳು.

ಅವನು ಒಂದು ಕ್ಷಣ ತಡ ಮಾಡಿದ. ಅಷ್ಟೇ ಸಾಕಾಯಿತು. ಆಕೆ ಕುರ್ಚಿಯಿಂದ ಎದ್ದು ಕೈ ಚಾಚಿದಳು.

"ಆ ಹಾಳೆ ಕೊಡು. ಅದ್ರಾಗೆ ನನ್ನ ಹೆಬ್ಬೆಟ್ಟೈತೆ."

ಅವನು ಫೈಲನ್ನು ಇನ್ನೂ ಬಿಗಿಯಾಗಿ ಹಿಡಿದ. ಆ ಆರು ಹೆಬ್ಬೆಟ್ಟು ಅವನ ಕೈಯಲ್ಲಿ ಉಳಿದರೆ ನಾಳೆ ಏನೇನಾಗಬಹುದು ಅಂತ ನನಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಹಾಲಿನವರೆಲ್ಲ ನೋಡುತ್ತಿದ್ದರು. ಮೇಜಿನ ಹಿಂದಿದ್ದ ಅಧಿಕಾರಿ ಎದ್ದು ನಿಂತು "ಏನ್ರೀ ಅದು ಗಲಾಟೆ, ಹಾಳೆ ಕೊಡ್ರಿ ಅವರಿಗೆ" ಎಂದರು. ಅವನ ಬೆರಳು ಒಂದೊಂದಾಗಿ ಸಡಿಲವಾದವು.

ಆಕೆ ಆರು ಹಾಳೆ ಎಣಿಸಿಕೊಂಡಳು. ಆಮೇಲೆ ನನ್ನ ಕೈಯಲ್ಲಿದ್ದುದನ್ನು ನೋಡಿದಳು.

"ಅದೇನು?"

"ಮೊದಲು ತೆಗೆದದ್ದು. ಸಣ್ಣ ಅಕ್ಷರದ್ದು. ಅದ್ರಾಗೆ ಎಲ್ಲ ಐತೆ."

"ಕೊಡು."

ಎರಡನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಅಕ್ಕಾ, ಹತ್ತು ನಿಮಿಷ ಕೂತ್ಕೊ. ಸರಿಯಾಗಿ ತೆಗೆದು ತರ್ತೀನಿ. ಹಾಳೆನೇ ನೋಡಿ ಓದ್ತೀನಿ. ಬೈರಪ್ಪನೂ ಓದ್ಲಿ."

ಆಕೆ ಜನ ಬಿಟ್ಟ ದಾರಿಯಲ್ಲಿ ನಡೆದು ಬಾಗಿಲು ದಾಟಿದಳು. ಬೈರಪ್ಪ ನನ್ನ ಮುಖ ನೋಡಿ, ಉಮಾಶಂಕರನ ಮುಖ ನೋಡಿ, ಅವಳ ಹಿಂದೆ ಹೋದ.

ನಾನು ಅಂಗಡಿಗೆ ಬಂದು ಹಾಳೆಯ ಅಳತೆಯನ್ನು ಲೀಗಲ್ ಮಾಡಿದೆ. ಚಿಕ್ಕ ಚಿತ್ರದಲ್ಲಿ ಪುಟದ ಬುಡ ಕಾಣುತ್ತಿದೆಯೇ ನೋಡಿದೆ. ಆರು ಹಾಳೆ ತೆಗೆದೆ. ಮೂರನೆಯದರ ಕೆಳಗೆ ದಾರಿ ಇತ್ತು, ಅದರ ಕೆಳಗೆ ಮೂರು ಎಂಬ ಸಂಖ್ಯೆ ಇತ್ತು. ಬೆರಳಿಟ್ಟು ಎರಡು ಸಲ ಓದಿದೆ.

ಉಮಾಶಂಕರ್ ಬಾಗಿಲಲ್ಲಿ ನಿಂತು ಆಕೆಗೆ ಫೋನ್ ಮಾಡುತ್ತಲೇ ಇದ್ದ. ರಿಂಗ್ ಆಗುವುದು ನನಗೂ ಕೇಳಿಸುತ್ತಿತ್ತು. ಐದನೇ ಸಲವೂ ಎತ್ತದಿದ್ದಾಗ ಫೋನ್ ಜೇಬಿಗೆ ಹಾಕಿ, "ನಿನ್ನ ನೋಡ್ಕೋತೀನಿ" ಎಂದು ಕಾರು ಹತ್ತಿದ.

ಸಾಯಂಕಾಲ ಕಚೇರಿ ಬಾಗಿಲು ಹಾಕುವವರೆಗೂ ಆ ಹಾಳೆಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕಾದೆ. ಬೂದಿಗೆರೆ ಕಡೆಯಿಂದ ಬಂದ ಪ್ರತಿ ಬಸ್ಸಿಗೂ ತಲೆ ಎತ್ತಿದೆ. ಮುನಿಗಂಗಮ್ಮ ಇಳಿಯಲಿಲ್ಲ.