ಮಾಸ್ತರರ ಮಣಿಕಟ್ಟು

ಮರುಳಪ್ಪ ಮಾಸ್ತರರು ಲಿಂಗೈಕ್ಯರಾದ ಸುದ್ದಿ ತಿಳಿದದ್ದು ಒಂದು ಭಾನುವಾರ ಬೆಳಿಗ್ಗೆ, ಬೀಗ ಹಾಕಿದ ಬಾಗಿಲಿನ ಮುಂದೆ. ಕೊಟ್ಟೂರಿನ ಹಳೆಯ ಶೇಂಗಾ ಗಿರಣಿಯ ಗೋದಾಮಿನಲ್ಲಿ ಹಸಿರು ಹಾಸು ಹಾಸಿ, ಬಲೆ ಕಟ್ಟಿ, ಶನಿವಾರ ಭಾನುವಾರ ಶಟಲ್ ಆಡುವವರ ಸಂಘವೊಂದಿತ್ತು. ಅದರ ಬೀಗದ ಕೈ ಮಾಸ್ತರರ ಬಳಿ ಇರುತ್ತಿತ್ತು. ಎಲ್ಲರಿಗಿಂತ ಮೊದಲು ಬಂದು, ನೆಲ ಗುಡಿಸಿ, ದೀಪ ಹಾಕಿ ಕೂತಿರುತ್ತಿದ್ದವರು ಅಂದು ಬಂದಿರಲಿಲ್ಲ. ಬೀಜದ ಅಂಗಡಿಯ ಕೊಟ್ರಸ್ವಾಮಿ, ಇವತ್ತು ಮಾಸ್ತರರಿಗೇ ದಂಡ ಹಾಕಬೇಕೆಂದು ನಗಾಡುತ್ತ ಫೋನು ಹಚ್ಚಿದ. ಆ ಕಡೆಯಿಂದ ಯಾರೋ ಮಾತಾಡಿದರು. ಅವನು ಫೋನನ್ನು ಕಿವಿಯಿಂದ ಇಳಿಸಿ, ಪಕ್ಕದಲ್ಲಿದ್ದ ಉಜ್ಜಿನಪ್ಪನ ಕೈಗೆ ಕೊಟ್ಟುಬಿಟ್ಟ. ಮಾಸ್ತರರು ಮಲಗಿದಲ್ಲೇ ಹೋಗಿದ್ದರು.

ಉಜ್ಜಿನಪ್ಪ ಜವಳಿ ಅಂಗಡಿಯವನು. ವಯಸ್ಸು ಐವತ್ತು ದಾಟಿತ್ತು. ಹೈಸ್ಕೂಲಿನಲ್ಲಿ ಮಾಸ್ತರರು ಅವನಿಗೆ ಡ್ರಿಲ್ ಹೇಳಿದವರು. ನಿವೃತ್ತರಾದ ಮೇಲೆ ಅದೇ ಮಾಸ್ತರರು ಜೋಡಿ ಆಟದಲ್ಲಿ ಅವನ ಪಕ್ಕ ನಿಂತರು. ಅಂದು ಸಂಜೆ ಹೊಲದಲ್ಲಿ ಮಾಸ್ತರರನ್ನು ಕೂರಿಸಿ, ವಿಭೂತಿ ಪತ್ರಿ ಹಾಕಿ ಮಣ್ಣು ಮುಚ್ಚುವಾಗ ಅವನು ಅಳಲಿಲ್ಲ. ಮನೆಗೆ ಬಂದು ರಾಕೆಟ್ಟನ್ನು ಚೀಲದಿಂದ ತೆಗೆದು ಒರೆಸಿ, ಮತ್ತೆ ಚೀಲಕ್ಕೆ ಹಾಕಿದ.

ಮಾಸ್ತರರ ಏಟು ಆ ಸೀಮೆಯಲ್ಲಿ ಹೆಸರಾದದ್ದು. ತಲೆಯ ಮೇಲೆ ಬಂದ ಶಟಲನ್ನು ಎಲ್ಲರೂ ಕೈ ಎತ್ತಿ ಹೊಡೆದರೆ, ಅವರು ಅದು ಕಿವಿಯ ಮಟ್ಟಕ್ಕೆ ಇಳಿಯುವ ತನಕ ಕಾಯುತ್ತಿದ್ದರು. ಮೊಣಕೈ ಪಕ್ಕೆಯ ಹತ್ತಿರವೇ ಇರುತ್ತಿತ್ತು. ಮಣಿಕಟ್ಟು ಒಮ್ಮೆ ಪಟ್ಟನೆ ತಿರುಗಿತೆಂದರೆ ಶಟಲ್ ಆಚೆಯ ಮೂಲೆಯಲ್ಲಿ. ಹಡಗಲಿಯವರೂ ಹರಪನಹಳ್ಳಿಯವರೂ ಇದನ್ನು ಕೊಟ್ಟೂರಿನ ಮಣಿಕಟ್ಟು ಎನ್ನುತ್ತಿದ್ದರು. ಸಂಘದವರೆಲ್ಲ ಅದನ್ನೇ ಕಲಿತಿದ್ದರು. ಆಟಕ್ಕೆ ಮುಂಚೆ ಮಾಸ್ತರರು ಹಣೆಯನ್ನೇ ಬಗ್ಗಿಸಿ ಕೈಯ ವಿಭೂತಿಗೆ ಒತ್ತಿಕೊಳ್ಳುತ್ತಿದ್ದರು. ವಿಭೂತಿಯ ಮುಂದೆ ತಲೆ ಬಾಗಬೇಕು ಎಂಬ ವಿನಯ ಅದೆಂದು ತಿಳಿದು, ಕೊಟ್ರಸ್ವಾಮಿ ಹಾಗೇ ಹಚ್ಚಿಕೊಳ್ಳುವುದನ್ನು ರೂಢಿ ಮಾಡಿಕೊಂಡಿದ್ದ.

ಮಾಸ್ತರರು ಹೋದ ಮೇಲೆ ಆ ಏಟು ಸಂಘದಲ್ಲಿ ಒಂದು ವ್ರತದಂತಾಯಿತು. ಯಾರಾದರೂ ಮರೆತು ಕೈ ಎತ್ತಿದರೆ, ಮಾಸ್ತರರನ್ನು ಇಷ್ಟು ಬೇಗ ಮರೆತೆಯಾ ಎಂದು ಕೇಳುವರು. ಹಡಗಲಿಯ ಸಂಘವನ್ನು ಕರೆಸಿ ಅವರ ಸ್ಮರಣೆಗೊಂದು ಪಂದ್ಯ ಆಡಿಸುವುದೆಂದೂ, ಮೊದಲ ಜೋಡಿಯಲ್ಲಿ ಉಜ್ಜಿನಪ್ಪ ನಿಲ್ಲುವುದೆಂದೂ ನಿಶ್ಚಯವಾಯಿತು. ಅವನಿಗೆ ಬೇರೆ ಆಸೆ ಇರಲಿಲ್ಲ. ಮಾಸ್ತರರ ಏಟನ್ನು ಮಾಸ್ತರರ ಅಂಗಳದಲ್ಲಿ ಒಮ್ಮೆ ಸರಿಯಾಗಿ ಹೊಡೆದು ತೋರಿಸಬೇಕು, ಅಷ್ಟೇ.

ಆದರೆ ಅವನ ಬಲಗೈಯ ಮಣಿಕಟ್ಟು ಕೆಟ್ಟಿತ್ತು. ಕಿರುಬೆರಳಿನ ಕಡೆ ಮೊದಮೊದಲು ಚಳುಕು, ಆಮೇಲೆ ಬಿಡದ ನೋವು. ಥಾನಿನ ಬಟ್ಟೆಗೆ ಕತ್ತರಿಯ ಮೂತಿ ತಾಗಿಸಿ ಸರ್ರನೆ ಹರಿದುಕೊಡುವುದು ಜವಳಿಯವನ ಕೈಚಳಕ, ಅದು ಆಗದಾಯಿತು. ಷಟರಿನ ಬೀಗ ತಿರುಗಿಸಲು ಎಡಗೈ ಬೇಕಾಯಿತು. ಸಂಘದಲ್ಲಿ ಅವನೊಬ್ಬನೇ ಅಲ್ಲ, ಮುಕ್ಕಾಲು ಮಂದಿ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡೇ ಬರುತ್ತಿದ್ದರು. ಗೋದಾಮಿನಲ್ಲಿ ಬೆವರಿಗಿಂತ ನೋವಿನ ಮುಲಾಮಿನ ವಾಸನೆ ಹೆಚ್ಚು. ಅದು ದೊಡ್ಡ ಏಟು ಕಲಿಯುವವರು ತೆರಬೇಕಾದ ಬೆಲೆ ಎಂದು ಎಲ್ಲರೂ ನಂಬಿದ್ದರು.

ಹೆಂಡತಿ ಈರಕ್ಕ ಬೈದು ಕಳಿಸಿದ ಮೇಲೆ ಉಜ್ಜಿನಪ್ಪ ಹಗರಿಬೊಮ್ಮನಹಳ್ಳಿಗೆ ಹೋದ. ಅಲ್ಲಿ ಅರ್ಚನಾ ಎಂಬ ಫಿಸಿಯೋಥೆರಪಿ ಡಾಕ್ಟರು ಇದ್ದರು; ಕಾಲೇಜಿನ ದಿನಗಳಲ್ಲಿ ಶಟಲ್ ಆಡಿದವರು. ಅವರು ಮಣಿಕಟ್ಟನ್ನು ಒತ್ತಿ, ತಿರುಗಿಸಿ, ಬಾಗಿಸಿ ನೋಡಿದರು. ಬಾವು ಇದೆಯೇ, ಬೆರಳು ಜೋಮು ಹಿಡಿಯುತ್ತದೆಯೇ, ಏನಾದರೂ ಕೈಯೂರಿ ಬಿದ್ದದ್ದುಂಟೇ ಎಂದು ಕೇಳಿದರು. ಒಂದೂ ಇರಲಿಲ್ಲ. ಆಮೇಲೆ ಅವನು ತಂದಿದ್ದ ರಾಕೆಟ್ಟನ್ನೇ ಕೈಗೆ ಕೊಟ್ಟು, ಶಟಲ್ ತಲೆಯ ಮೇಲೆ ಬಂದಿದೆ ಎಂದುಕೊಂಡು ನಿಧಾನಕ್ಕೆ ಹೊಡೆದು ತೋರಿಸಿರಿ ಎಂದರು. ಅವನು ಮಾಸ್ತರರ ಏಟನ್ನು ಹೊಡೆದು ತೋರಿಸಿದ.

ಅವರು ಮತ್ತೊಮ್ಮೆ ತೋರಿಸಲು ಹೇಳಿ ಕೇಳಿದರು: “ಭುಜಕ್ಕ ಯಾವಾಗ ಪೆಟ್ಟಾಗಿತ್ರಿ ನಿಮಗ?”

ಭುಜಕ್ಕೆ ಏನೂ ಆಗಿಲ್ಲವೆಂದ ಉಜ್ಜಿನಪ್ಪ. ಅವರು ಎರಡೂ ಕೈ ಎತ್ತಿಸಿದರು. ಕಿವಿಗೆ ತಾಗುವಂತೆ ನೆಟ್ಟಗೆ ಎದ್ದವು.

“ಭುಜ ಚಲೋ ಐತಿ. ಮತ್ತ್ಯಾಕ ಹಿಂಗ ಆಡ್ತೀರಿ? ಇದು ಕೈ ಮ್ಯಾಲ ಏಳದವರು ಆಡೋ ಆಟರಿ.”

ಉಜ್ಜಿನಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು. ಇದು ನಮ್ಮ ಗುರುಗಳ ಏಟು, ಮೂರು ತಾಲ್ಲೂಕಿನಲ್ಲಿ ಹೆಸರಾದದ್ದು ಎಂದು ಬಿಗುವಾಗಿ ಹೇಳಿದ. ಡಾಕ್ಟರು ವಾದಕ್ಕೆ ಹೋಗಲಿಲ್ಲ. ಮೊಣಕೈ ಎತ್ತದೆ ಹೊಡೆದರೆ ಮೈಯ ತಿರುವು, ಭುಜ, ಮುಂಗೈ ಇವು ಮಾಡುವ ಕೆಲಸವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ ಎಂದರು. ಅದಕ್ಕಿಂತ ಹೆಚ್ಚಾಗಿ ಕಾಲಿನ ತಪ್ಪಿದೆ ಎಂದರು. ತಡವಾಗಿ ತಲುಪಿದವನಿಗೆ ಶಟಲ್ ಮೈಯ ಹಿಂದೆ ಸಿಗುತ್ತದೆ. ಹಿಂದೆ ಸಿಕ್ಕದ್ದನ್ನು ಮಣಿಕಟ್ಟು ಮುರಿದೇ ಹೊಡೆಯಬೇಕು. ಹಿಡಿಯ ಮೇಲೆ ಅವನು ಸುತ್ತಿದ್ದ ಪಟ್ಟಿ ಅತಿ ದಪ್ಪ, ತಂತಿ ಅತಿ ಬಿಗಿ, ಹಿಡಿತವಂತೂ ಸತ್ತರೂ ಬಿಡೆನೆಂಬಂತೆ. ಸಡಿಲ ಹಿಡಿದು, ಏಟಿನ ಕ್ಷಣಕ್ಕೆ ಮಾತ್ರ ಬಿಗಿಯಬೇಕು. ಕೆಲವು ವಾರ ಏಟು ಬಂದ್, ಅಂಗಡಿಯಲ್ಲಿ ಮಣಿಕಟ್ಟಿಗೆ ಆಸರೆಪಟ್ಟಿ. ಅಷ್ಟಾದರೂ ಇಳಿಯದಿದ್ದರೆ ಎಲುಬಿನ ಡಾಕ್ಟರಿಗೆ ತೋರಿಸಬೇಕು. ಕೈ ಸುಮ್ಮನಿರುವಾಗ ಕಾಲು ದುಡಿಯಲಿ ಎಂದರು.

ಪಂದ್ಯದ ದಿನ ಹೇಳಿ, ಅಂದು ಒಂದು ದಿನ ಆಡಬಹುದೇ ಎಂದು ಕೇಳಿದ.

“ಆಡಬೌದ್ರಿ. ಆಮ್ಯಾಲ ಎಷ್ಟು ದಿನ ಬಿಡಬೇಕಾಗತೈತಿ ಅಂತ ನಾ ಹೇಳಂಗಿಲ್ಲ.”

ಊರಿಗೆ ಮರಳುವ ದಾರಿಯುದ್ದಕ್ಕೂ ಅವನಿಗೆ ಸಿಟ್ಟು ಇತ್ತು. ಮಾಸ್ತರರನ್ನು ಕಣ್ಣಿಂದ ನೋಡದ ಹೆಣ್ಣುಮಗಳು ಅವರ ಏಟನ್ನು ಕೈ ಏಳದವರ ಆಟ ಎನ್ನಬಹುದೇ? ಮನೆಗೆ ಹೋಗದೆ ಅವನು ನೇರವಾಗಿ ಮಾಸ್ತರರ ಮನೆಗೆ ಹೋದ. ಅವರ ಹೆಂಡತಿ ಗುರುಬಸಮ್ಮ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ದೂರು ಹೇಳುವವನಂತೆ ಎಲ್ಲವನ್ನೂ ಹೇಳಿದ. ಅವರು ಮೊರವನ್ನು ಕೆಳಗಿಟ್ಟರು.

“ಆಕಿ ಖರೇನ ಹೇಳ್ಯಾಳ, ತಮ್ಮಾ,” ಎಂದರು.

ಉಜ್ಜಿನಿಯ ರಸ್ತೆಯಲ್ಲಿ ಮೋಟರ್ ಸೈಕಲ್ಲಿನಿಂದ ಬಿದ್ದ ಮೇಲೆ ಮಾಸ್ತರರ ಬಲಭುಜ ಗಟ್ಟಿಯಾಗಿ ಕೂತುಬಿಟ್ಟಿತ್ತು. ಎದೆಯ ಮಟ್ಟ ದಾಟಿ ಏಳುತ್ತಿರಲಿಲ್ಲ. ಆಗಲೇ ಯಾರಿಗಾದರೂ ತೋರಿಸಿದ್ದರೆ ಬಿಡುತ್ತಿತ್ತೇನೋ. ತೋರಿಸಲಿಲ್ಲ, ಸಣ್ಣ ನೋವೆಂದು ಎಣ್ಣೆ ತಿಕ್ಕಿಸಿಕೊಂಡೇ ಕಾಲ ಕಳೆದರು. ಅಂಗಿ ತೊಡಿಸುವವರು ಗುರುಬಸಮ್ಮ. ಹಣೆಗೆ ಕೈ ಒಯ್ಯಲಾರದ್ದಕ್ಕೆ ಹಣೆಯನ್ನೇ ಕೈಗೆ ತರುತ್ತಿದ್ದರು. ಕೊಟ್ಟೂರೇಶ್ವರನ ಗುಡಿಯಲ್ಲಿ ಗಂಟೆಗೆ ಎಡಗೈ. ಎರಡೂ ಕೈ ತಲೆಯ ಮೇಲೆತ್ತಿ ಮುಗಿಯಬೇಕೆಂಬ ಆಸೆ ಕಡೆಯತನಕ ಹಾಗೇ ಉಳಿಯಿತು.

“ಹುಡುಗರಿಗೆ ಹೇಳಬ್ಯಾಡ, ಅಯ್ಯೋ ಪಾಪ ಅಂತ ನೋಡ್ತಾರ ಅಂದಿದ್ರು. ಬಾಯಿ ಮುಚ್ಚಿಕೊಂಡಿದ್ದೆ. ನೀವು ಅದನ್ನ ಕಲಿಯಾಕ ಹತ್ತಿದ್ದು ನನಗೇನು ಗೊತ್ತು? ಈಗ ನಿಮ್ ಕೈ ಮುರಕೊಂಡ್ರ ಅವರಿಗೇನು ಪುಣ್ಯ ಬರತೈತಿ? ಹೇಳಿಬಿಡು.”

ಉಜ್ಜಿನಪ್ಪನಿಗೆ ಆಗ ಮಾಸ್ತರರ ಕೂಗು ನೆನಪಾಯಿತು. ಅಂಗಳದಲ್ಲಿ ಅವರು ಯಾವತ್ತೂ ಕೈಯ ಮಾತು ಆಡಿದವರಲ್ಲ. ಕಾಲು ನೋಡ್ರೋ, ಕೈ ನೋಡಬ್ಯಾಡ್ರಿ ಎಂದೇ ಅವರ ಕೂಗು. ದೊಡ್ಡವರ ಸಂಕೋಚ ಎಂದುಕೊಂಡು ಎಲ್ಲರೂ ಕೈಯನ್ನೇ ನೋಡಿದರು. ಅವರು ಶಟಲ್ ಬರುವ ಮೊದಲೇ ಅದರ ಹಿಂದೆ ಹೋಗಿ ನಿಂತಿರುತ್ತಿದ್ದರು; ಅಷ್ಟು ಮುಂಚೆ ತಲುಪಿದವರಿಗೆ ಮಾತ್ರ ಏಳದ ಭುಜದಿಂದಲೂ ಆಡಲು ಸಾಧ್ಯವಿತ್ತು. ಅವರು ಕಲಿಸಿದ ಹೆಜ್ಜೆಗಳನ್ನು ಬೇಸರದ ಡ್ರಿಲ್ಲೆಂದು ಸಂಘದವರು ಬಿಟ್ಟು ವರ್ಷಗಳಾಗಿದ್ದವು.

ಮುಂದಿನ ಶನಿವಾರ ಅವನು ಸಂಘದಲ್ಲಿ ವಿಷಯ ತೆಗೆದ. ಕೊಟ್ರಸ್ವಾಮಿಯ ಮುಖ ಕೆಂಪಾಯಿತು.

“ಏ ಉಜ್ಜಿನಪ್ಪಣ್ಣ, ಕೈನೋವಿಗೆ ಹೆದರಿ ಗುರುವಿನ ಭುಜಕ್ಕ ಹೆಸರು ಇಡ್ತಿಯೇನ? ಆಡಾಕ ಆಗಂಗಿಲ್ಲ ಅಂದ್ರ ಆಗಂಗಿಲ್ಲ ಅನ್ನು.”

“ಆಗಂಗಿಲ್ಲ. ಪಂದ್ಯಕ್ಕ ನಾ ನಿಂದ್ರಂಗಿಲ್ಲ,” ಎಂದ ಉಜ್ಜಿನಪ್ಪ. “ನೀ ಇವತ್ತ ಹೋಗಿ ಗುರುಬಸಮ್ಮಾರನ್ನ ಕೇಳು. ಹಣಿ ಬಗ್ಗಿಸಿ ಯಾಕ ವಿಭೂತಿ ಹಚಿಗಂತಿದ್ರು ಅಂತ ಕೇಳು.”

ಕೊಟ್ರಸ್ವಾಮಿ ಕೇಳಿದನೋ ಇಲ್ಲವೋ ಯಾರಿಗೂ ಹೇಳಲಿಲ್ಲ. ಆದರೆ ಭಾನುವಾರ ಬಂದಾಗ ಅವನು ಬೆರಳನ್ನು ಹಣೆಗೆ ಒಯ್ದು ವಿಭೂತಿ ಹಚ್ಚಿಕೊಂಡ. ಅದನ್ನು ಎಲ್ಲರೂ ನೋಡಿದರು.

ಅಂದಿನಿಂದ ಉಜ್ಜಿನಪ್ಪ ಬರಿಗೈಯಲ್ಲಿ ಅಂಗಳಕ್ಕೆ ಇಳಿದ. ಶಟಲ್ ಇಲ್ಲ, ರಾಕೆಟ್ಟಿಲ್ಲ, ಮಾಸ್ತರರ ಹಳೆಯ ಹೆಜ್ಜೆಗಳಷ್ಟೇ. ಒಬ್ಬರು ಬಲೆಯ ಬಳಿ ನಿಂತು ಮೂಲೆಯನ್ನು ತೋರಿಸುವುದು, ಆಡುವವನು ಹೋಗಿ ನಡುವಿಗೆ ಮರಳುವುದು. ಎದುರಿನವನು ಹೊಡೆಯುವ ಹೊತ್ತಿಗೆ ಕಾಲಗಲಿಸಿ ಸಣ್ಣದೊಂದು ಪುಟಿತ. ಹಿಂದಿನ ಮೂಲೆಗಾದರೆ ಸೊಂಟ ತಿರುಗಿಸಿ, ಬಲಗಾಲು ಹಿಂದಿಟ್ಟು, ಸರಸರನೆ ಜಾರುಹೆಜ್ಜೆ. ಶಟಲ್ ಬಲಭುಜದ ಮುಂದೆ ಸಿಗಬೇಕು. ಮುಂದಿನ ಮೂಲೆಗಾದರೆ ಕಡೆಯ ಹೆಜ್ಜೆ ಉದ್ದ, ಹಿಮ್ಮಡಿ ಮೊದಲು ಊರಬೇಕು, ಮಂಡಿ ಪಾದದ ದಿಕ್ಕು ಬಿಡಬಾರದು. ಅಕ್ಕಿ ರುಬ್ಬಿದಂತೆ ಅದೇ ಅದೇ. ಮೊದಮೊದಲು ಬಡಕಲು ಕೋಳಿ ಕುಣಿದಂತೆ ಕಾಣುತ್ತದೆಂದು ಸಂಘದವರು ನಕ್ಕರು. ಒಬ್ಬೊಬ್ಬರಾಗಿ ಅವರೂ ಇಳಿದು, ತೊಡೆ ಹಿಡಿದುಕೊಂಡಾಗ ನಗು ನಿಂತಿತು. ಆಮೇಲೆ ಡಾಕ್ಟರು ಹೇಳಿಕೊಟ್ಟ ಭುಜದ ಕೆಲಸ: ಮೊಣಕೈ ಮತ್ತು ಪಕ್ಕೆಯ ನಡುವೆ ಮಡಿಸಿದ ಟವಲು, ಕಂಬಕ್ಕೆ ಕಟ್ಟಿದ ರಬ್ಬರ್ ಪಟ್ಟಿ, ಮುಂಗೈಯನ್ನು ನಿಧಾನವಾಗಿ ಹೊರಗೆ ಎಳೆದು ಅಷ್ಟೇ ನಿಧಾನವಾಗಿ ಬಿಡುವುದು. ನೋವು ಬಂದರೆ ಅಲ್ಲಿಗೇ ನಿಲ್ಲಿಸುವುದು.

ಸ್ಮರಣೆಯ ಪಂದ್ಯದ ದಿನ ಹಡಗಲಿಯವರು ಬಂದರು. ಮೊದಲ ಜೋಡಿಯಲ್ಲಿ ಕೊಟ್ರಸ್ವಾಮಿಯೂ ಭೂಗೋಳದ ಮೇಷ್ಟ್ರು ಗವಿಸಿದ್ದೇಶನೂ ನಿಂತರು. ಕೈ ಎತ್ತಿ ಆಡುವುದು ಇನ್ನೂ ಹೊಸದು, ಸೋತರು. ಆದರೆ ಒಂದು ದೀರ್ಘ ಆಟದಲ್ಲಿ ಕೊಟ್ರಸ್ವಾಮಿ ಹಿಂದಿನ ಮೂಲೆಗೆ ಮೊದಲೇ ಹೋಗಿ, ಶಟಲಿಗಾಗಿ ಒಂದು ಗಳಿಗೆ ಕಾದು ನಿಂತ. ಹಡಗಲಿಯ ಮುದುಕರೊಬ್ಬರು ಪಕ್ಕದವರಿಗೆ ಹೇಳಿದರು: “ಕಾಲು ಥೇಟ್ ಮರುಳಪ್ಪಂದ ನೋಡು.”

ಬೆಂಚಿನ ಮೇಲೆ ಕೂತಿದ್ದ ಉಜ್ಜಿನಪ್ಪ ಅದನ್ನು ಕೇಳಿದ. ತಾನು ತೋರಿಸಬೇಕೆಂದಿದ್ದದ್ದು ಬೇರೆ, ತೋರಿದ್ದು ಇದು. ಅವನು ಆಸರೆಪಟ್ಟಿಯನ್ನು ಸರಿಮಾಡಿಕೊಂಡ.

ಎಲ್ಲ ಮುಗಿದ ಮೇಲೆ ಗುರುಬಸಮ್ಮನವರ ಜೊತೆ ಕೊಟ್ಟೂರೇಶ್ವರನ ಗುಡಿಗೆ ಹೋದ. ಅವರು ಎಡಗೈಯಿಂದ ಗಂಟೆ ಬಾರಿಸಿದರು; ಗಂಡನನ್ನು ನೋಡಿ ನೋಡಿ ಬಂದ ರೂಢಿ. ಉಜ್ಜಿನಪ್ಪ ಪಟ್ಟಿಯನ್ನು ಬಿಚ್ಚಿ ಕಿಸೆಗಿಟ್ಟು, ಎರಡೂ ಕೈಗಳನ್ನು ತಲೆಯ ಮೇಲೆ, ಎಷ್ಟು ಏಳುವವೋ ಅಷ್ಟು ಎತ್ತಿ ಜೋಡಿಸಿದ. ಮಣಿಕಟ್ಟು ಸಣ್ಣಗೆ ನೋಯಿತು. ಭುಜ ನೋಯಲಿಲ್ಲ.

ಗುರು ಕೊಟ್ಟೂರೇಶ, ಈ ಕೈ ಅವರದೆಂದು ತಿಳಿದುಕೋ. ಅವರು ಎತ್ತಲಾರದೆ ಉಳಿಸಿ ಹೋದ ನಮಸ್ಕಾರ ಇದು. ದಣಿದ ಆ ಜೀವವನ್ನು ನಿನ್ನ ಪಾದದ ನೆರಳಿನಲ್ಲಿ ಕೂರಿಸಿಕೋ. ಅವರ ನೋವು ಮಣ್ಣಿನಲ್ಲಿಯೇ ಇಳಿಯಲಿ. ಅವರಿಗೆ ಶಾಂತಿ ಇರಲಿ.